ಬಜ್ಪೆಯ ಮೋಡದೊಳಗಿಂದ ರನ್‌ವೇವರೆಗೆ: ಐಎಲ್‌ಎಸ್ ದಾರಿ ತೋರಿಸುವುದು ಹೇಗೆ, ಡಿಸಿಷನ್ ಹೈಟ್ ಅಂದರೆ ಏನು

ಆಟಿ ತಿಂಗಳ ಒಂದು ಸಂಜೆ ನನ್ನ ಚಿಕ್ಕಮ್ಮ ಮುಂಬೈಯಿಂದ ಮಂಗಳೂರಿಗೆ ಬಂದರು. ಉಡುಪಿಯ ಮನೆ ಮುಟ್ಟಿದ ಕೂಡಲೇ ನನಗೆ ಫೋನ್ ಮಾಡಿದರು. “ಚಕ್ರ ಬಿಟ್ಟ ಶಬ್ದ ಕೇಳಿತು ಮಾರಾಯ. ಕಿಟಕಿಯಲ್ಲಿ ಬರೀ ಬಿಳಿ. ಇನ್ನೇನು ಇಳಿಯಿತು ಅನ್ನುವಾಗ ಇಂಜಿನ್ ಒಮ್ಮೆಲೇ ಕೂಗಿ ಮೇಲೆ ಹೋಯಿತು. ರನ್‌ವೇ ಕಾಣದಿದ್ದರೆ ಇನ್ನೂ ಸ್ವಲ್ಪ ಕೆಳಗೆ ಬಂದು ನೋಡಬಹುದಿತ್ತಲ್ವಾ?”

ನಾನು ವಿಮಾನ ಹಾರಿಸುವವನು. ಈ ಪ್ರಶ್ನೆಯನ್ನು ಪೈಲಟ್ ಆಗಲು ಓದುತ್ತಿರುವ ಹುಡುಗರೂ ಕೇಳುತ್ತಾರೆ, ಬೇರೆ ಮಾತಿನಲ್ಲಿ. ಉತ್ತರ ಕೊಡಬೇಕಾದರೆ ಒಂದು ಇಡೀ ಇಳಿಕೆಯನ್ನು ಮೊದಲಿಂದ ನೋಡಬೇಕು. ಹಾಗಾಗಿ ಮಂಗಳೂರಿನ 24 ಅನ್ನುವ ಗುರುತಿನ ರನ್‌ವೇಗೆ, ಮಳೆಗಾಲದ ಮೋಡದೊಳಗೆ, ಒಂದು ಜೆಟ್ ವಿಮಾನ ಹೇಗೆ ಇಳಿಯುತ್ತದೆ ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಇಲ್ಲಿನ ಎತ್ತರದ ಅಂಕಿಗಳು ಲೆಕ್ಕಕ್ಕೆ ಹಿಡಿದವು. ನಿಜವಾಗಿ ಹಾರುವಾಗ ಆ ದಿನದ ಚಾರ್ಟ್‌ನಲ್ಲಿ ಇರುವುದೇ ಅಂಕಿ.

ಮೊದಲು ನೆಲದ ಮೇಲೆ ಏನಿದೆ ಅಂತ ನೋಡೋಣ

ಬಜ್ಪೆಯಲ್ಲಿರುವ ಮಂಗಳೂರು ವಿಮಾನ ನಿಲ್ದಾಣ ಗುಡ್ಡದ ತಲೆಯನ್ನು ಸಮ ಮಾಡಿ ಕಟ್ಟಿದ್ದು. ಸಮುದ್ರ ಮಟ್ಟದಿಂದ ಸುಮಾರು 100 ಮೀಟರ್ ಎತ್ತರ. 2006ರಲ್ಲಿ ಶುರುವಾದ ಈಗಿನ ದೊಡ್ಡ ರನ್‌ವೇ 2,450 ಮೀಟರ್ ಉದ್ದ, 45 ಮೀಟರ್ ಅಗಲ. ಎರಡೂ ತುದಿಯ ಆಚೆ ನೆಲ ಕಣಿವೆಗೆ ಇಳಿಯುತ್ತದೆ. 24ರ ರನ್‌ವೇಗೆ ಬರುವ ವಿಮಾನ ಮೂಡುಬಿದಿರೆ ಕಡೆಯ ಒಳನಾಡಿನಿಂದ ಕಡಲಿನ ಕಡೆಗೆ ಮುಖ ಮಾಡಿ ಇಳಿಯುತ್ತದೆ.

ಐಎಲ್‌ಎಸ್ ಅಂದರೆ ನೆಲದಿಂದ ಹೊರಡುವ ಎರಡು ರೇಡಿಯೋ ದಾರಿಗಳು, ಅಷ್ಟೇ. ಒಂದು ಎಡ-ಬಲ ಹೇಳುತ್ತದೆ, ಅದು ಲೋಕಲೈಸರ್. ಇನ್ನೊಂದು ಮೇಲೆ-ಕೆಳಗೆ ಹೇಳುತ್ತದೆ, ಅದು ಗ್ಲೈಡ್ ಸ್ಲೋಪ್.

ಲೋಕಲೈಸರ್ ಆಂಟೆನಾ ಇರುವುದು ವಿಮಾನ ಇಳಿಯುವ ತುದಿಯಲ್ಲಿ ಅಲ್ಲ, ಎದುರು ತುದಿಯ ಆಚೆ. ಅಲ್ಲಿಂದ ಅದು ಇಡೀ ರನ್‌ವೇ ಮೇಲಿಂದ ಬರುವ ವಿಮಾನದ ಕಡೆಗೆ ಸಂಕೇತ ಕಳಿಸುತ್ತದೆ. ಆ ಸಂಕೇತದಲ್ಲಿ ಎರಡು ಸ್ವರಗಳಿವೆ, 90 ಹರ್ಟ್ಸ್ ಮತ್ತು 150 ಹರ್ಟ್ಸ್. ಇಳಿಯಲು ಬರುವವನ ಎಡಕ್ಕೆ 90ರದ್ದು ಜೋರು, ಬಲಕ್ಕೆ 150ರದ್ದು ಜೋರು. ನಡು ಗೆರೆಯಲ್ಲಿ ಎರಡೂ ಸಮ. ವಿಮಾನದ ರಿಸೀವರ್ ಯಾವುದು ಜೋರು ಅಂತ ಅಳೆದು ಸೂಜಿಯನ್ನು ಆಚೆ ಈಚೆ ಸರಿಸುತ್ತದೆ. ಸೂಜಿ ಎಡಕ್ಕೆ ಹೋದರೆ ದಾರಿ ಎಡಕ್ಕಿದೆ ಅಂತ ಅರ್ಥ, ನೀವು ಎಡಕ್ಕೆ ತಿರುಗಬೇಕು.

ಗ್ಲೈಡ್ ಸ್ಲೋಪ್‌ನದೂ ಅದೇ ಉಪಾಯ. ಅದರ ಕಂಬ ಇಳಿಯುವ ತುದಿಯಿಂದ ಸುಮಾರು 300 ಮೀಟರ್ ಒಳಗೆ, ರನ್‌ವೇ ಪಕ್ಕದಲ್ಲಿ ಇರುತ್ತದೆ. ಮೇಲ್ಗಡೆ 90 ಜೋರು, ಕೆಳಗಡೆ 150 ಜೋರು. ಎರಡೂ ಸಮ ಇರುವ ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಈ ಇಳಿಜಾರನ್ನು ಆಂಟೆನಾ ಒಂದೇ ಮಾಡುವುದಿಲ್ಲ. ಸಾಮಾನ್ಯ ಬಗೆಯ ಗ್ಲೈಡ್ ಸ್ಲೋಪ್‌ನಲ್ಲಿ ಮುಂದಿನ ನೆಲದಿಂದ ಪುಟಿದ ಅಲೆಯೂ ಸೇರಿಯೇ ಅದು ಆಗುವುದು. ಅದಕ್ಕೇ ಆಂಟೆನಾ ಮುಂದೆ ಸಮತಟ್ಟು ಜಾಗ ಬೇಕು. ಗುಡ್ಡದ ಮೇಲಿನ ರನ್‌ವೇಯಲ್ಲಿ ಅಂಥ ಜಾಗ ಬೇಗ ಮುಗಿದುಹೋಗುತ್ತದೆ.

ಹೀಗೆ ಪುಟಿದ ಅಲೆಯಿಂದಲೇ ಇನ್ನೊಂದು ತೊಂದರೆಯೂ ಹುಟ್ಟುತ್ತದೆ. 3 ಡಿಗ್ರಿಯ ನಿಜವಾದ ದಾರಿಯ ಮೇಲೆ, ಸುಮಾರು 9 ಡಿಗ್ರಿಯಲ್ಲಿ, ಅದೇ ಥರ ಕಾಣುವ ಒಂದು ಸುಳ್ಳು ದಾರಿ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಂತ 1: ಇಳಿಯುವ ಮೊದಲೇ ಮುಗಿಸಬೇಕಾದ ಕೆಲಸ

ಐಎಲ್‌ಎಸ್ ಫ್ರೀಕ್ವೆನ್ಸಿ ಹಾಕಿದರೆ ಸಾಲದು. ಅದು ಕಳಿಸುವ ಮೋರ್ಸ್ ಗುರುತನ್ನು ಕೇಳಿ ಅಥವಾ ಪರದೆಯಲ್ಲಿ ಓದಿ, ಚಾರ್ಟ್‌ನಲ್ಲಿರುವ ಅಕ್ಷರಗಳೇ ಅಂತ ನೋಡಬೇಕು. ಗುರುತು ಬರದಿದ್ದರೆ ಸೂಜಿ ಎಷ್ಟೇ ಚೆನ್ನಾಗಿ ನಡುವೆ ನಿಂತಿದ್ದರೂ ನಂಬಬಾರದು.

ಆಮೇಲೆ ಆಲ್ಟಿಮೀಟರ್. ಅದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಯಂತ್ರ. ಮೇಲೆ ಹಾರುವಾಗ ಎಲ್ಲರೂ 1013 ಅನ್ನುವ ಒಂದೇ ಒತ್ತಡ ಇಟ್ಟುಕೊಂಡಿರುತ್ತಾರೆ. ಇಳಿಯುವಾಗ ಅದನ್ನು ತೆಗೆದು ಆ ಊರಿನ ಆ ಹೊತ್ತಿನ ಒತ್ತಡ, ಅಂದರೆ ಕ್ಯೂಎನ್‌ಎಚ್, ಹಾಕಬೇಕು. ಆಗ ಆಲ್ಟಿಮೀಟರ್ ಸಮುದ್ರ ಮಟ್ಟದಿಂದ ಮೇಲಿನ ಎತ್ತರ ತೋರಿಸುತ್ತದೆ.

ಈಗ ಡಿಸಿಷನ್ ಹೈಟ್, ಅಂದರೆ ಇಳಿಯುವುದಾ ಮೇಲೆ ಹೋಗುವುದಾ ಅಂತ ನಿರ್ಧಾರ ಆಗಬೇಕಾದ ಎತ್ತರ, ಅದರ ಲೆಕ್ಕ. ಕ್ಯಾಟಗರಿ 1 ಅನ್ನುವ ಮೂಲ ದರ್ಜೆಯ ಐಎಲ್‌ಎಸ್‌ನಲ್ಲಿ ಡಿಸಿಷನ್ ಹೈಟ್ 200 ಅಡಿಗಿಂತ ಕಡಿಮೆ ಇರುವಂತಿಲ್ಲ. ಈ 200 ಅಡಿ ಲೆಕ್ಕ ಆಗುವುದು ರನ್‌ವೇ ತುದಿಯ ಮಟ್ಟದಿಂದ. ರನ್‌ವೇ ತುದಿ ಸಮುದ್ರ ಮಟ್ಟದಿಂದ 330 ಅಡಿ ಮೇಲಿದೆ ಅಂತ ಹಿಡಿಯೋಣ. ಎರಡನ್ನೂ ಕೂಡಿಸಿದರೆ 530 ಅಡಿ. ಆಲ್ಟಿಮೀಟರ್‌ನಲ್ಲಿ ನೋಡುವ ಈ 530ಕ್ಕೆ ಡಿಸಿಷನ್ ಆಲ್ಟಿಟ್ಯೂಡ್ ಅನ್ನುತ್ತಾರೆ. ಎರಡೂ ಒಂದೇ ಜಾಗ, ಅಳೆಯುವ ಬುಡ ಬೇರೆ ಅಷ್ಟೇ.

ನೆಲದಿಂದ ಎತ್ತರವನ್ನು ನೇರವಾಗಿ ಅಳೆಯುವ ರೇಡಿಯೋ ಆಲ್ಟಿಮೀಟರ್ ವಿಮಾನದಲ್ಲಿ ಇರುವಾಗ ಅದನ್ನೇ ನೋಡಬಾರದಾ ಅಂತ ಹುಡುಗರು ಕೇಳುತ್ತಾರೆ. ಅದು ಹೇಳುವುದು ಸರಿಯಾಗಿ ವಿಮಾನದ ಕೆಳಗಿನ ನೆಲದಿಂದ ಎಷ್ಟು ದೂರ ಅಂತ. ಕೆಳಗೆ ಕಣಿವೆ ಇದ್ದರೆ ಕಣಿವೆಯ ತಳದಿಂದ ಅಳೆಯುತ್ತದೆ. ರನ್‌ವೇ ಮಟ್ಟದಿಂದ 200 ಅಡಿ ಮೇಲಿದ್ದಾಗ ಕೆಳಗಿನ ತೋಟ 200 ಅಡಿ ಆಳದಲ್ಲಿದ್ದರೆ ಅದು 400 ಅಂತ ತೋರಿಸುತ್ತದೆ. ಗುಡ್ಡದ ಅಂಚು ದಾಟಿದ ಕೂಡಲೇ ಅಂಕಿ ಧಡಕ್ಕನೆ ಬೀಳುತ್ತದೆ. ಆದ್ದರಿಂದ ಕ್ಯಾಟಗರಿ 1 ಇಳಿಕೆಯಲ್ಲಿ ನಿರ್ಧಾರ ಮಾಡುವುದು ಒತ್ತಡದ ಆಲ್ಟಿಮೀಟರ್ ನೋಡಿಯೇ.

ಹೊರಗೆ ಎಷ್ಟು ಕಾಣುತ್ತದೆ ಅನ್ನುವುದಕ್ಕೂ ಒಂದು ಕನಿಷ್ಠ ಮಿತಿ ಇದೆ. ಕ್ಯಾಟಗರಿ 1ಕ್ಕೆ, ರನ್‌ವೇ ಮುಂದಿನ ದೀಪಗಳ ಸಾಲು ಪೂರ್ತಿ ಇದ್ದರೆ, ರನ್‌ವೇ ಮೇಲೆ 550 ಮೀಟರ್ ಕಾಣಬೇಕು. ದೀಪದ ಸಾಲು ಗಿಡ್ಡ ಇದ್ದರೆ ಜಾಸ್ತಿ ಬೇಕು. ಅಳತೆ ಮಿತಿಗಿಂತ ಕೆಳಗಿದ್ದರೆ 1,000 ಅಡಿಗಿಂತ ಕೆಳಗೆ ಪ್ರಯತ್ನವನ್ನೇ ಮುಂದುವರಿಸುವಂತಿಲ್ಲ.

ಹಂತ 2: ದಾರಿಯನ್ನು ಕೆಳಗಿನಿಂದ ಹಿಡಿಯುವುದು

ಮೊದಲು ಲೋಕಲೈಸರ್ ಹಿಡಿದು ರನ್‌ವೇ ನೇರಕ್ಕೆ ಬರಬೇಕು. ಆಮೇಲೆ ಒಂದೇ ಎತ್ತರದಲ್ಲಿ ಹೋಗುತ್ತಾ ಗ್ಲೈಡ್ ಸ್ಲೋಪ್ ಮೇಲಿನಿಂದ ನಮ್ಮ ಕಡೆಗೆ ಇಳಿದು ಬರುವುದನ್ನು ಕಾಯಬೇಕು. 3 ಡಿಗ್ರಿ ದಾರಿ ಪ್ರತಿ ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿಯುತ್ತದೆ. ರನ್‌ವೇ ತುದಿಯನ್ನು ದಾಟುವುದು ಸುಮಾರು 50 ಅಡಿ ಮೇಲೆ. ಹಾಗಾದರೆ 3,000 ಅಡಿಯಲ್ಲಿ ಬರುತ್ತಿರುವ ವಿಮಾನ ಗ್ಲೈಡ್ ಸ್ಲೋಪ್ ಅನ್ನು ಎಲ್ಲಿ ಮುಟ್ಟಬೇಕು? 3,000ದಿಂದ ರನ್‌ವೇಯ 330 ಕಳೆಯಿರಿ, 50 ಕಳೆಯಿರಿ. ಉಳಿದ 2,620ನ್ನು 318ರಿಂದ ಭಾಗಿಸಿ. ರನ್‌ವೇ ತುದಿಯಿಂದ ಸುಮಾರು 8.2 ಮೈಲಿ.

ಈ 8.2ನ್ನು ಮೊದಲೇ ತಲೆಯಲ್ಲಿಟ್ಟುಕೊಂಡವನಿಗೆ ಸುಳ್ಳು ದಾರಿ ಮೋಸ ಮಾಡಲಾರದು. ಅದೇ 3,000 ಅಡಿಯಲ್ಲಿ 9 ಡಿಗ್ರಿ ದಾರಿ ಸಿಗುವುದು ತುದಿಯಿಂದ 3 ಮೈಲಿಗೂ ಹತ್ತಿರದಲ್ಲಿ. ಎತ್ತರದಲ್ಲೇ ಉಳಿದು, ಮೇಲಿನಿಂದ ದಾರಿ ಹಿಡಿಯಲು ಹೊರಟ ವಿಮಾನಕ್ಕೆ ಮಾತ್ರ ಅದು ಎದುರಾಗುತ್ತದೆ. ಆಗ ಕಾಣುವ ಇನ್ನೊಂದು ಲಕ್ಷಣ ಇಳಿಯುವ ವೇಗ. 140 ನಾಟ್ ವೇಗದಲ್ಲಿ ನಿಜವಾದ ದಾರಿಯಲ್ಲಿ ನಿಮಿಷಕ್ಕೆ 740 ಅಡಿ ಇಳಿದರೆ ಸಾಕು. 9 ಡಿಗ್ರಿ ಹಿಡಿದರೆ ನಿಮಿಷಕ್ಕೆ 2,200 ಅಡಿಗೂ ಮೇಲೆ ಇಳಿಯಬೇಕಾಗುತ್ತದೆ. ಸೂಜಿ ನಡುವೆ ಇದೆ, ಆದರೆ ವಿಮಾನ ಕಲ್ಲಿನ ಹಾಗೆ ಇಳಿಯುತ್ತಿದೆ ಅಂದರೆ ಸೂಜಿಯನ್ನು ನಂಬಬಾರದು.

ಹಂತ 3: ನಾಲ್ಕು ಮೈಲಿಯಲ್ಲಿ ಒಂದು ಪರೀಕ್ಷೆ

ಇಡೀ ಇಳಿಕೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಕೆಲಸ ಇದು. ಮಾಡಲು ಎರಡು ಸೆಕೆಂಡ್ ಬೇಕು. ಚಾರ್ಟ್‌ನಲ್ಲಿ ದೂರ ಮತ್ತು ಎತ್ತರದ ಒಂದು ಪಟ್ಟಿ ಇರುತ್ತದೆ. ನಮ್ಮ ಲೆಕ್ಕದಲ್ಲಿ ತುದಿಯಿಂದ 4 ಮೈಲಿ ಇರುವಾಗ ವಿಮಾನ ಸುಮಾರು 1,650 ಅಡಿಯಲ್ಲಿ ಇರಬೇಕು. ಒಬ್ಬರು “ನಾಲ್ಕು ಮೈಲಿ, 1,650” ಅಂತ ಓದುತ್ತಾರೆ, ಇನ್ನೊಬ್ಬರು ಆಲ್ಟಿಮೀಟರ್ ನೋಡಿ “ಸರಿ” ಅನ್ನುತ್ತಾರೆ.

ಇದು ಯಾಕೆ ಬೇಕು? ಒಂದು ಸಂಗತಿ ಹಿಡಿದು ನೋಡೋಣ. ಮಳೆಗಾಲದ ಆ ಸಂಜೆ ಮಂಗಳೂರಿನ ಒತ್ತಡ 1006. ಕಾಕ್‌ಪಿಟ್‌ನಲ್ಲಿ ಕೆಲಸ ಜಾಸ್ತಿಯಾಗಿ 1013 ಹಾಗೇ ಉಳಿದುಬಿಟ್ಟಿತು. ವ್ಯತ್ಯಾಸ ಬರೀ 7. ಆದರೆ ಒಂದೊಂದಕ್ಕೆ 27 ಅಡಿಯಂತೆ ಆಲ್ಟಿಮೀಟರ್ ಸುಮಾರು 190 ಅಡಿ ಜಾಸ್ತಿ ತೋರಿಸುತ್ತದೆ.

ಗ್ಲೈಡ್ ಸ್ಲೋಪ್‌ಗೆ ಒತ್ತಡ ಗೊತ್ತಿಲ್ಲ. ಅದು ವಿಮಾನವನ್ನು ಸರಿಯಾದ ಇಳಿಜಾರಿನಲ್ಲೇ ಕರೆದುಕೊಂಡು ಹೋಗುತ್ತದೆ. ಎರಡೂ ಸೂಜಿ ನಡುವಿನಲ್ಲೇ ಇವೆ. ಎಲ್ಲವೂ ಸರಿ ಇದ್ದ ಹಾಗೇ ಕಾಣುತ್ತದೆ. ವಿಮಾನ ನಿಜವಾಗಿ 530 ಅಡಿಗೆ ಬಂದಾಗ ಆಲ್ಟಿಮೀಟರ್ 720 ಅನ್ನುತ್ತಿರುತ್ತದೆ. ಪೈಲಟ್ ಇನ್ನೂ ಮೋಡದಲ್ಲಿ ಇಳಿಯುತ್ತಾನೆ. ಆಲ್ಟಿಮೀಟರ್ 530 ತೋರಿಸುವ ಹೊತ್ತಿಗೆ ನಿಜವಾದ ಎತ್ತರ 340. ರನ್‌ವೇ ಇರುವುದು 330ರಲ್ಲಿ. ನಿರ್ಧಾರಕ್ಕೆ ಇದ್ದ 200 ಅಡಿಯಲ್ಲಿ ಹತ್ತೇ ಅಡಿ ಉಳಿದಿರುತ್ತದೆ.

ನಾಲ್ಕು ಮೈಲಿಯಲ್ಲಿ ಆ ಪಟ್ಟಿ ಓದಿದ್ದರೆ ಗೊತ್ತಾಗುತ್ತಿತ್ತು. 1,650 ಇರಬೇಕಾದ ಕಡೆ 1,840 ಇರುತ್ತಿತ್ತು. ಸೂಜಿ ನಡುವೆ ಇದ್ದೂ ಎತ್ತರ ಹೊಂದುತ್ತಿಲ್ಲ ಅಂದರೆ ಕಾರಣ ಎರಡರಲ್ಲಿ ಒಂದು. ಒತ್ತಡ ತಪ್ಪು ಹಾಕಿದೆ, ಇಲ್ಲವೇ ದಾರಿಯೇ ತಪ್ಪು.

ಹಂತ 4: 1,000 ಅಡಿಯಲ್ಲಿ ಎಲ್ಲವೂ ಸರಿ ಇರಬೇಕು

ರನ್‌ವೇಯಿಂದ 1,000 ಅಡಿ ಮೇಲಿರುವಾಗ ಚಕ್ರ ಕೆಳಗೆ, ಫ್ಲಾಪ್ ಇಳಿಯುವ ಸ್ಥಿತಿಯಲ್ಲಿ, ವೇಗ ಸರಿ, ಇಂಜಿನ್ ಸ್ವಲ್ಪ ಶಕ್ತಿಯಲ್ಲಿ ಓಡುತ್ತಿರಬೇಕು, ಸೂಜಿ ನಡುವೆ ಇರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಗೋ ಅರೌಂಡ್, ಅಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೆ.

ಮಂಗಳೂರಿನವರಿಗೆ ಇದನ್ನು ಹೇಳುವಾಗ 2010ರ ಮೇ 22ರ ವಿಮಾನ ದುರಂತವನ್ನು ಬಿಟ್ಟು ಮಾತಾಡಲು ಆಗುವುದಿಲ್ಲ. ದುಬೈಯಿಂದ ಬಂದ ಆ ವಿಮಾನದಲ್ಲಿ 166 ಜನ ಇದ್ದರು. 158 ಜನ ಹೋದರು, ಎಂಟು ಜನ ಉಳಿದರು. ಅವತ್ತು ಮೋಡದ ಕಾಟ ಇರಲಿಲ್ಲ, ಸುಮಾರು 6 ಕಿಲೋಮೀಟರ್ ಕಾಣುತ್ತಿತ್ತು. ಐಎಲ್‌ಎಸ್ ದಾರಿಗೆ ಬರುವಾಗ ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡು ಪಟ್ಟು ಮೇಲಿತ್ತು. ಅಲ್ಲಿಂದ ಕಡಿದಾಗಿ ಇಳಿಯಿತು. ಸಹ ಪೈಲಟ್ ಗೋ ಅರೌಂಡ್ ಮಾಡಲು ಹೇಳಿದ್ದರು. ನೆಲ ಹತ್ತಿರ ಬರುತ್ತಿದೆ ಅಂತ ಯಂತ್ರವೂ ಎಚ್ಚರಿಸಿತ್ತು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ರನ್‌ವೇ ಮುಗಿದ ಮೇಲೆ ಅದರ ಬಲ ರೆಕ್ಕೆ ಬಡಿದದ್ದು ಲೋಕಲೈಸರ್ ಆಂಟೆನಾದ ಕಟ್ಟೆಗೆ. ಎದುರು ತುದಿಯಲ್ಲಿ ಇರುತ್ತದೆ ಅಂತ ಮೊದಲು ಹೇಳಿದೆನಲ್ಲ, ಅದೇ ಆಂಟೆನಾ. ರನ್‌ವೇ ಕಾಣುತ್ತಿದೆ ಅನ್ನುವುದು ಒಂದೇ ಇಳಿಯಲು ಕಾರಣ ಅಲ್ಲ. ಈ ಮಾತನ್ನು ನಾನು ಪ್ರತಿ ಸಲವೂ ಹೊಸ ಹುಡುಗರಿಗೆ ನಿಧಾನವಾಗಿ ಹೇಳುತ್ತೇನೆ.

ಹಂತ 5: ಕೊನೆಯ 500 ಅಡಿ

ದಾರಿ ರನ್‌ವೇ ಹತ್ತಿರ ಬಂದ ಹಾಗೆ ಕಿರಿದಾಗುತ್ತದೆ. ರನ್‌ವೇ ತುದಿಯಲ್ಲಿ ಲೋಕಲೈಸರ್ ಸೂಜಿ ಪೂರ್ತಿ ಒಂದು ಕಡೆ ಹೋಯಿತು ಅಂದರೆ ನೀವು ನಡು ಗೆರೆಯಿಂದ ಸುಮಾರು 105 ಮೀಟರ್ ಆಚೆ. ನಡುವಿನಿಂದ ಒಂದೊಂದು ಕಡೆಗೂ ಎರಡು ಚುಕ್ಕೆ ಇರುವ ಮಾಪಕದಲ್ಲಿ ಅರ್ಧ ಚುಕ್ಕೆ ಅಂದರೆ 26 ಮೀಟರ್. ರನ್‌ವೇಯ ಅರ್ಧ ಅಗಲವೇ 22.5 ಮೀಟರ್. ಎಂಟು ಮೈಲಿ ದೂರದಲ್ಲಿ ಅರ್ಧ ಚುಕ್ಕೆ ಅಂಥ ವಿಷಯ ಅಲ್ಲ. ತುದಿಯಲ್ಲಿ ಅರ್ಧ ಚುಕ್ಕೆ ಅಂದರೆ ಹುಲ್ಲಿನ ಮೇಲೆ ಇಳಿದ ಹಾಗೆ. ಅದಕ್ಕೇ ಕೊನೆಗೆ ಕೈ ತುಂಬಾ ಸಣ್ಣದಾಗಿ ಆಡಬೇಕು. ದೊಡ್ಡ ತಿದ್ದುಪಡಿ ಬೇಕಾಯಿತು ಅಂದರೆ ಆ ಇಳಿಕೆ ಕೆಟ್ಟಿತು ಅಂತಲೇ ಲೆಕ್ಕ.

ಈ ಹೊತ್ತಿಗೆ ಇಬ್ಬರ ಕೆಲಸ ಬೇರೆ ಬೇರೆ. ವಿಮಾನ ಹಾರಿಸುವವರ ಕಣ್ಣು ಒಳಗಿನ ಯಂತ್ರದ ಮೇಲೆ. ಇನ್ನೊಬ್ಬರು ಯಂತ್ರವನ್ನೂ ನೋಡುತ್ತಾ ಹೊರಗೆ ಹುಡುಕುತ್ತಾರೆ. 630 ಅಡಿಯಲ್ಲಿ, ಅಂದರೆ ನಿರ್ಧಾರಕ್ಕೆ ಇನ್ನು ನೂರು ಅಡಿ ಇರುವಾಗ, “ಅಪ್ರೋಚಿಂಗ್ ಮಿನಿಮಮ್ಸ್” ಅನ್ನುವ ಮಾತು ಬರುತ್ತದೆ.

ಹಂತ 6: 530 ಅಡಿ

“ಮಿನಿಮಮ್ಸ್.” ಇದಕ್ಕೆ ಉತ್ತರ ಎರಡೇ. “ಲ್ಯಾಂಡಿಂಗ್” ಇಲ್ಲವೇ “ಗೋ ಅರೌಂಡ್”. “ನೋಡೋಣ” ಅನ್ನುವ ಮೂರನೇ ಉತ್ತರ ಇಲ್ಲ.

ಡಿಸಿಷನ್ ಹೈಟ್ ಅಂದರೆ ಅಲ್ಲಿ ತಲುಪಿ ಹುಡುಕಲು ಶುರು ಮಾಡುವ ಜಾಗ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಅದು ಹುಡುಕಾಟ ಮುಗಿದಿರಬೇಕಾದ ಜಾಗ. ಅಷ್ಟು ಹೊತ್ತಿಗೆ ರನ್‌ವೇ, ಅಥವಾ ಅದಕ್ಕೆ ದಾರಿ ತೋರಿಸುವ ದೀಪಗಳು, ಕಣ್ಣಿಗೆ ಬಿದ್ದು ವಿಮಾನ ಯಾವ ಕಡೆ ಸರಿಯುತ್ತಿದೆ ಅಂತ ತಿಳಿಯುವಷ್ಟು ಹೊತ್ತು ಕಂಡಿರಬೇಕು. ಒಂದು ಬೆಳಕು ಮಿಂಚಿ ಮರೆಯಾದರೆ ಅದು ಕಂಡದ್ದಲ್ಲ. ಪೈಲಟ್ ಮನಸ್ಸಿನಲ್ಲಿ ಮೊದಲಿಂದಲೂ ಇರುವ ಯೋಜನೆ ಮೇಲೆ ಹೋಗುವುದೇ. ದೀಪ ಸರಿಯಾಗಿ ಕಂಡರೆ ಮಾತ್ರ ಆ ಯೋಜನೆ ಬದಲಾಗುತ್ತದೆ.

ಇಲ್ಲಿ ಏನು ಕಾಣಬಹುದು ಅಂತ ಅಳೆದು ನೋಡಿ. 200 ಅಡಿ ಮೇಲೆ ಇರುವಾಗ ರನ್‌ವೇ ತುದಿ ಇನ್ನೂ ಸುಮಾರು 870 ಮೀಟರ್ ಮುಂದಿದೆ. ವಿಮಾನದ ಮೂಗು ಅಡ್ಡ ಬರುವುದರಿಂದ ಹತ್ತಿರದ ಸುಮಾರು 230 ಮೀಟರ್ ನೆಲ ಕಾಣುವುದೇ ಇಲ್ಲ. ಮಳೆಯಲ್ಲಿ ಓರೆಯಾಗಿ 600 ಮೀಟರ್ ಕಾಣುತ್ತಿದೆ ಅಂದರೆ, ಪೈಲಟ್‌ಗೆ ಸಿಗುವುದು 230ರಿಂದ 600ರವರೆಗಿನ ಒಂದು ತುಂಡು. ಅದರಲ್ಲಿ ರನ್‌ವೇ ಇಲ್ಲ. ದೀಪಗಳ ಸಾಲಿನ ಒಂದು ಭಾಗ ಇದ್ದರೆ ಇದೆ. ವೈಪರ್ ಆಚೆ ಈಚೆ ಹೋಗುವ ನಡುವೆ ಬೂದು ಬಣ್ಣದಲ್ಲಿ ನಾಲ್ಕೈದು ಬಿಳಿ ಚುಕ್ಕೆಗಳು, ನೇರ ಸಾಲಿನಲ್ಲಿ. ನೆಲಕ್ಕೆ ದೀಪ ನೆಟ್ಟಿರುವುದು ಈ ಗಳಿಗೆಗಾಗಿಯೇ.

ಚಿಕ್ಕಮ್ಮನಿಗೆ ಹೇಳಿದ್ದು ಇಲ್ಲಿಂದ ಮುಂದಿನದ್ದು. ವಿಮಾನ ಸೆಕೆಂಡಿಗೆ 12 ಅಡಿ ಇಳಿಯುತ್ತಿದೆ. ರನ್‌ವೇ ತುದಿ ದಾಟಲು ಉಳಿದಿರುವುದು 12 ಸೆಕೆಂಡ್. “ಗೋ ಅರೌಂಡ್” ಅಂದ ಕೂಡಲೇ ವಿಮಾನ ಮೇಲೆ ಹೋಗುವುದಿಲ್ಲ. ಕೈ ಸ್ವಿಚ್ ಒತ್ತಬೇಕು, ಇಂಜಿನ್ ಶಕ್ತಿ ಏರಬೇಕು, ಮೂಗು ಎತ್ತಬೇಕು, ಟನ್‌ಗಟ್ಟಲೆ ಭಾರದ ಇಳಿಯುವ ಓಟ ನಿಲ್ಲಬೇಕು. ಅಷ್ಟರಲ್ಲಿ ಇನ್ನೂ ಹತ್ತಾರು ಅಡಿ ಕೆಳಗೆ ಹೋಗಿರುತ್ತದೆ. ಈ ಕುಸಿತವನ್ನು ಮೊದಲೇ ಲೆಕ್ಕ ಹಾಕಿಯೇ ಎತ್ತರ ನಿಗದಿ ಮಾಡಿರುತ್ತಾರೆ. “ಇನ್ನೂ ಸ್ವಲ್ಪ ಕೆಳಗೆ ಬಂದು ನೋಡುವುದು” ಅಂದರೆ ಆ ಕುಸಿತಕ್ಕೆ ಇಟ್ಟ ಜಾಗವನ್ನು ನೋಡುವುದಕ್ಕೆ ಖರ್ಚು ಮಾಡುವುದು. ಐದು ಸೆಕೆಂಡ್ ನೋಡಿದರೆ 60 ಅಡಿ ಹೋಯಿತು.

ದೆಹಲಿಯಂಥ ಕಡೆ ಮಂಜಿನಲ್ಲಿ ಇದಕ್ಕಿಂತ ಕೆಳಗೆ ಬರುವುದಿಲ್ವಾ ಅಂತ ಕೇಳಬಹುದು. ಬರುತ್ತಾರೆ. ಅಲ್ಲಿ ಕ್ಯಾಟಗರಿ 3 ಸಲಕರಣೆ ಇದೆ, ತಾನೇ ಇಳಿಯುವ ಆಟೋಪೈಲಟ್ ಬೇಕು, ಪೈಲಟ್‌ಗೆ ಬೇರೆ ತರಬೇತಿ ಆಗಿರಬೇಕು, ತುದಿಯ ಮುಂದಿನ ನೆಲವೂ ರೇಡಿಯೋ ಆಲ್ಟಿಮೀಟರ್‌ಗೆ ಒಪ್ಪುವಂತಿರಬೇಕು. ನಮ್ಮ ಗುಡ್ಡದ ಅಂಚಿನಲ್ಲಿ ಆ ಕೊನೆಯದೇ ಕಷ್ಟ.

ಹಂತ 7: ಮೇಲೆ ಹೋಗುವುದು

ಪೂರ್ತಿ ಶಕ್ತಿ, ಮೂಗು ಸುಮಾರು 15 ಡಿಗ್ರಿ ಮೇಲೆ, ಫ್ಲಾಪ್ ಒಂದು ಹಂತ ಒಳಗೆ. ಆಲ್ಟಿಮೀಟರ್ ಏರುತ್ತಿದೆ ಅಂತ ಇಬ್ಬರಿಗೂ ಖಾತ್ರಿಯಾದ ಮೇಲೆ ಚಕ್ರ ಒಳಗೆ. ಚಾರ್ಟ್‌ನಲ್ಲಿ ಬರೆದ ದಾರಿಯಲ್ಲೇ, ಬರೆದ ಎತ್ತರಕ್ಕೆ. ಇಷ್ಟಾದ ಮೇಲೆ ಕಂಟ್ರೋಲ್ ಟವರ್‌ಗೆ ಮಾತು, ಆಮೇಲೆ ಪ್ರಯಾಣಿಕರಿಗೆ. ಚಿಕ್ಕಮ್ಮನಿಗೆ ಆ ಎರಡು ನಿಮಿಷ ಯಾರೂ ಏನೂ ಹೇಳಲಿಲ್ಲ ಅಂತ ಬೇಜಾರಿತ್ತು. ಆ ಹೊತ್ತಿನಲ್ಲಿ ಇಬ್ಬರ ಕೈಯೂ ಬಾಯಿಯೂ ಖಾಲಿ ಇರುವುದಿಲ್ಲ.

ಮತ್ತೆ ಪ್ರಯತ್ನಿಸುವುದಾ, ಬೇರೆ ಊರಿಗೆ ಹೋಗುವುದಾ ಅನ್ನುವುದನ್ನು ಮೇಲೆ ಹೋದ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಇಳಿಯಲು ಬೇಕಾದ ಇಂಧನ, ಅದರ ಮೇಲೆ ಅರ್ಧ ಗಂಟೆಯ ಮೀಸಲು. ಇವೆರಡನ್ನೂ ಮುಟ್ಟದೆ ಇನ್ನೊಂದು ಸುತ್ತಿಗೆ ಉಳಿಯುತ್ತದೆ ಅಂದರೆ, ಮತ್ತು ಮಳೆಯ ಮೋಡ ಸರಿಯುತ್ತಿದೆ ಅಂದರೆ, ಇನ್ನೊಮ್ಮೆ. ಆ ಸಂಜೆ ಹಾಗೇ ಆಯಿತು. ಇಪ್ಪತ್ತು ನಿಮಿಷ ಕಾದು ವಿಮಾನ ಮತ್ತೆ ಬಂತು, ದೀಪ ಕಂಡಿತು, ಇಳಿಯಿತು. ಚಿಕ್ಕಮ್ಮ ಹೇಳಿದರು: “ಎರಡನೇ ಸಲ ಕಿಟಕಿಯಲ್ಲಿ ತೆಂಗಿನ ತೋಟ ಕಂಡಿತು ಮಾರಾಯ. ಎಷ್ಟು ಹತ್ತಿರ ಇತ್ತು ಗೊತ್ತಾ?” ಮೊದಲ ಸಲವೂ ಅದು ಅಷ್ಟೇ ಹತ್ತಿರ ಇತ್ತು ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ.